ಸಂಬಳ ಹೆಚ್ಚಾಗಿ ಹೋದಾಗ ವಾಪಸ್ ಪಡೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳ ಸಂಬಳದ ಲೆಕ್ಕ ನೋಡುವುದು ನನ್ನ ಕೆಲಸ. ಅಕೌಂಟ್ಸ್‌ನವರು, ಮಾಲೀಕರು, ಆಗೊಮ್ಮೆ ಈಗೊಮ್ಮೆ ನೌಕರರೂ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಒಟ್ಟುಮಾಡಿದ್ದೇನೆ. ಉದಾಹರಣೆಯ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನೇ ಇಟ್ಟುಕೊಂಡವು. ಕಾನೂನಿನ ಮಾತು ಖಾಸಗಿ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಸರ್ಕಾರಿ ನೌಕರರ ವಿಷಯಕ್ಕೆ ಕೊನೆಯ ಭಾಗದಲ್ಲಿ ಬೇರೆಯೇ ಪ್ರಶ್ನೆ ಇದೆ.

## ಮೊದಲ ಪ್ರಶ್ನೆಗಳು

ತಪ್ಪು ನಮ್ಮದೇ. ಹಣ ಅವರ ಖಾತೆಗೆ ಹೋಗಿ ಖರ್ಚೂ ಆಗಿದೆ. ವಾಪಸ್ ಕೇಳೋಕೆ ನಮಗೆ ಹಕ್ಕಿದೆಯಾ?

ಇದೆ. ಸಂಬಳದಿಂದ ಯಾವ ಯಾವ ಕಾರಣಕ್ಕೆ ಹಣ ಹಿಡಿಯಬಹುದು ಎಂಬ ಪಟ್ಟಿ ಕಾನೂನಿನಲ್ಲೇ ಇದೆ. 1936ರ ವೇತನ ಪಾವತಿ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಮುಂಗಡದ ಜೊತೆಗೇ ‘ಹೆಚ್ಚಾಗಿ ಪಾವತಿಯಾದ ವೇತನದ ಹೊಂದಾಣಿಕೆ’ಯೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯ 18ನೇ ಸೆಕ್ಷನ್‌ನಲ್ಲೂ ಅದು ಹಾಗೇ ಉಳಿದಿದೆ. ಹಳೆಯ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ವೇತನದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಸಂಹಿತೆಯಲ್ಲಿ ಆ ಮಿತಿ ಇಲ್ಲದ್ದರಿಂದ ಮ್ಯಾನೇಜರ್‌ಗೂ ಇದೇ ನಿಯಮ.

ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಒಂದು ತಿಂಗಳಲ್ಲಿ ಎಲ್ಲ ಕಡಿತಗಳೂ ಸೇರಿ ವೇತನದ ಶೇ. 50 ದಾಟಬಾರದು. ಪಿಎಫ್, ವೃತ್ತಿ ತೆರಿಗೆ, ಟಿಡಿಎಸ್, ಸೊಸೈಟಿ ಸಾಲದ ಕಂತು ಎಲ್ಲವೂ ಈ ಅರ್ಧದೊಳಗೇ ಬರಬೇಕು. ಇಲ್ಲಿ ‘ವೇತನ’ ಎಂದರೆ ಪೇ ಸ್ಲಿಪ್‌ನ ಕೊನೆಯ ಸಾಲಿನ ಮೊತ್ತ ಅಲ್ಲ. ಸಂಹಿತೆ ಅದಕ್ಕೆ ತನ್ನದೇ ವ್ಯಾಖ್ಯೆ ಕೊಟ್ಟಿದೆ. ಅದರ ಪ್ರಕಾರ ಮೂಲ ವೇತನ ಮತ್ತು ತುಟ್ಟಿಭತ್ಯೆ ಬರುತ್ತವೆ, ಎಚ್‌ಆರ್‌ಎಯಂಥ ಭತ್ಯೆಗಳು ಒಂದು ಮಿತಿಯವರೆಗೆ ಹೊರಗುಳಿಯುತ್ತವೆ. ಅನುಮಾನವಿದ್ದಲ್ಲಿ ಬೇಸಿಕ್ ಮತ್ತು ಡಿಎ ಮೇಲೆಯೇ ಅರ್ಧ ಲೆಕ್ಕ ಹಾಕಿದರೆ ತಪ್ಪಾಗುವುದಿಲ್ಲ.

ಮುಂದಿನ ತಿಂಗಳ ಸಂಬಳದಲ್ಲಿ ಪೂರ್ತಿ ಹಿಡಿದುಬಿಟ್ಟರೆ ಒಂದೇ ಸಲಕ್ಕೆ ಮುಗೀತಲ್ಲ?

ಲೆಕ್ಕ ಮುಗಿಯುತ್ತದೆ, ಆದರೆ ನೌಕರರಿಗೆ ತೊಂದರೆ ಅಲ್ಲಿಂದ ಶುರುವಾಗುತ್ತದೆ. ಮೊತ್ತ ದೊಡ್ಡದಿದ್ದರೆ ಮೇಲೆ ಹೇಳಿದ ಶೇ. 50ರ ಮಿತಿಯೂ ದಾಟಬಹುದು. ಆದರೆ ಮಿತಿಯೊಳಗೆ ಇದ್ದರೂ ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಅದಕ್ಕೆ ಕಾರಣ ಅಕೌಂಟ್ಸ್‌ನವರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ.

ತಿಂಗಳಿಗೆ 4,000 ರೂಪಾಯಿ ಹೆಚ್ಚು ಹೋಗುತ್ತಿತ್ತು ಎಂದಿಟ್ಟುಕೊಳ್ಳಿ. ತಪ್ಪು ಸರಿಪಡಿಸಿದ ತಿಂಗಳಲ್ಲೇ ಅವರ ಕೈಗೆ 4,000 ಕಡಿಮೆ ಬರುತ್ತದೆ. ನಿಮ್ಮ ಪ್ರಕಾರ ಅದು ಸರಿಯಾದ ಸಂಬಳ, ಆದರೆ ಮನೆ ನಡೆಸುವವರಿಗೆ ಸಂಬಳ ಇಳಿದಂತೆಯೇ. ಅದರ ಮೇಲೆ ಅದೇ ತಿಂಗಳು ವಸೂಲಿಯನ್ನೂ ಹಾಕಿದರೆ ಒಂದೇ ದಿನ ಎರಡು ಪೆಟ್ಟು. ಹಾಗಾಗಿ ನನ್ನ ಮೊದಲ ನಿಯಮ ಇಷ್ಟೇ: ತಿದ್ದುಪಡಿ ಒಂದು ತಿಂಗಳು, ವಸೂಲಿ ಇನ್ನೊಂದು ತಿಂಗಳು. ಎರಡರ ನಡುವೆ ಕನಿಷ್ಠ ಒಂದು ಪೂರ್ತಿ ಸಂಬಳದ ದಿನ ಕಳೆಯಬೇಕು.

ಇದಕ್ಕೊಂದು ವಿನಾಯಿತಿ ಇದೆ. ಬ್ಯಾಂಕ್ ಫೈಲ್ ಎರಡು ಸಲ ಹೋಗಿ ಒಂದೇ ತಿಂಗಳ ಸಂಬಳ ಎರಡು ಬಾರಿ ಜಮೆಯಾಯಿತು, ಮರುದಿನವೇ ಗೊತ್ತಾಯಿತು ಎನ್ನಿ. ಹಣ ಇನ್ನೂ ಖಾತೆಯಲ್ಲೇ ಇರುತ್ತದೆ, ಎಲ್ಲರಿಗೂ ವಿಷಯ ಸ್ಪಷ್ಟ. ಫೋನ್ ಮಾಡಿ ವಾಪಸ್ ವರ್ಗಾಯಿಸಲು ಕೇಳಿದರೆ ಸಾಕು, ಕಂತು ಬೇಕಿಲ್ಲ. ಆದರೆ ಅಂದೇ ಬೆಳಿಗ್ಗೆ ಬ್ಯಾಂಕು ಅವರ ಸಾಲದ ಇಎಂಐ ಕತ್ತರಿಸಿಕೊಂಡಿದ್ದರೆ ಉಳಿದದ್ದಕ್ಕೆ ಮತ್ತೆ ಕಂತೇ ದಾರಿ.

ಹೆಚ್ಚು ಬರ್ತಿದೆ ಅಂತ ಗೊತ್ತಿದ್ದೂ ಸುಮ್ಮನಿದ್ದರಲ್ಲ, ಅಂಥವರಿಗೆ ಇಷ್ಟೆಲ್ಲ ಮರ್ಯಾದೆ ಯಾಕೆ?

ಗೊತ್ತಿತ್ತು ಎಂದು ನಿಮಗೆ ಹೇಗೆ ಗೊತ್ತು? ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಬರುವ ಕಂಪನಿಯಲ್ಲಿ ಏಪ್ರಿಲ್‌ನಿಂದ ಸಂಬಳ ಹೆಚ್ಚಾದರೆ ಯಾರಾದರೂ ಅದನ್ನು ಇನ್‌ಕ್ರಿಮೆಂಟ್ ಅಂದುಕೊಳ್ಳುತ್ತಾರೆ. ಓಟಿ, ಅಟೆಂಡೆನ್ಸ್ ಬೋನಸ್, ನೈಟ್ ಶಿಫ್ಟ್ ಭತ್ಯೆ ತಿಂಗಳಿಂದ ತಿಂಗಳಿಗೆ ಬದಲಾಗುವ ಕಡೆ ಸಾವಿರ ಎರಡು ಸಾವಿರದ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಪೇ ಸ್ಲಿಪ್ ಮಾಡಿದ ನಿಮಗೇ ಐದು ತಿಂಗಳು ಕಾಣಿಸದ ತಪ್ಪು ಅವರಿಗೆ ಕಾಣಬೇಕಿತ್ತು ಎನ್ನುವುದು ನ್ಯಾಯವಲ್ಲ.

ಸಂಬಳ ಪೂರ್ತಿ ದುಪ್ಪಟ್ಟಾಗಿ ಬಂದು, ಅವರೇ ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವರಾಗಿದ್ದರೆ ಮಾತು ಬೇರೆ. ಆಗಲೂ ಅದು ಶಿಸ್ತಿನ ವಿಷಯ, ಪ್ರತ್ಯೇಕ ವಿಚಾರಣೆಯಲ್ಲಿ ತೀರ್ಮಾನವಾಗಬೇಕು. ವಸೂಲಿ ಪತ್ರದೊಳಗೆ ಆರೋಪ ತುರುಕಬೇಡಿ.

ವಿಷಯ ಹೇಗೆ ತೆಗೆಯೋದು? ಇಮೇಲ್ ಕಳಿಸಿದರೆ ಸಾಕಾ?

ಇಮೇಲ್ ಆಮೇಲೆ. ಮೊದಲು ಎದುರು ಕೂತು ಮಾತು, ಅದೂ ಅವರ ಸೂಪರ್‌ವೈಸರ್ ಮುಂದೆ ಅಲ್ಲ. ಸಂಬಳದ ವಿಷಯ ಲೈನ್‌ನಲ್ಲಿ ಹರಡಿದರೆ ‘ಅವಳು ದುಡ್ಡು ನುಂಗಿದಳಂತೆ’ ಎಂಬ ಮಾತಾಗುವುದಕ್ಕೆ ಅರ್ಧ ದಿನ ಸಾಕು. ಸಂಬಳ ಮಾಡಿದವರು ಅಥವಾ ಎಚ್‌ಆರ್, ಇಬ್ಬರಲ್ಲಿ ಒಬ್ಬರೇ ಮಾತಾಡಲಿ. ಕೈಯಲ್ಲಿ ಲೆಕ್ಕದ ಹಾಳೆ ಇರಲಿ. ಸಂಬಳದ ದಿನ ಅಥವಾ ಅದರ ಹಿಂದಿನ ದಿನ ಮಾತ್ರ ಬೇಡ. ಕೈಗೆ ಹಣ ಬರುವ ಹೊತ್ತಿಗೆ ಮನೆಯವರು ಅದನ್ನು ಎಲ್ಲೆಲ್ಲಿಗೋ ಹಂಚಿ ಆಗಿರುತ್ತದೆ.

ಮಾತು ಹೀಗಿರಬಹುದು: “ಮೇಡಂ, ಏಪ್ರಿಲ್‌ನಿಂದ ನಿಮ್ಮ ಸಂಬಳದಲ್ಲಿ ನಾವು ಒಂದು ತಪ್ಪು ಮಾಡಿದ್ದೀವಿ. ಬೇರೆಯವರ ಇನ್‌ಕ್ರಿಮೆಂಟ್ ನಿಮ್ಮ ನಂಬರಿಗೆ ಹಾಕಿದ್ದೀವಿ. ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು ಬಂದಿದೆ. ಈ ತಿಂಗಳು ಸಂಬಳ ಸರಿಯಾಗತ್ತೆ, ಏನೂ ಹಿಡಿಯಲ್ಲ. ಹಿಂದಿನದನ್ನ ಹೇಗೆ ತೀರಿಸಬೇಕು ಅಂತ ನಿಮ್ಮ ಜೊತೆ ಕೂತು ಮಾಡೋಣ. ಲೆಕ್ಕ ಇಲ್ಲಿದೆ, ಮನೆಗೆ ತಗೊಂಡು ಹೋಗಿ ನೋಡಿ.”

‘ಸಿಸ್ಟಮ್ ತಪ್ಪು’ ಎನ್ನಬೇಡಿ. ಸಿಸ್ಟಮ್‌ಗೆ ನಂಬರು ಹಾಕಿದವರು ಯಾರೆಂದು ಅವರಿಗೂ ಗೊತ್ತಿರುತ್ತದೆ. ಉತ್ತರವನ್ನು ಅಲ್ಲೇ ಕೇಳಬೇಡಿ, ಒಂದು ವಾರ ಬಿಡಿ.

## ಲೆಕ್ಕ ಮತ್ತು ಕಂತು

ಗ್ರಾಸ್ ಮೊತ್ತ ಹಿಡಿಯಬೇಕೋ, ಕೈಗೆ ಹೋದದ್ದು ಮಾತ್ರವೋ?

ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಪೇ ಸ್ಲಿಪ್‌ನಲ್ಲಿ 1,000 ಹೆಚ್ಚು ಕಂಡರೆ ನೌಕರರ ಕೈಗೆ 1,000 ಹೋಗಿದೆ ಎಂದೇನೂ ಅಲ್ಲ.

ಬೇಸಿಕ್ 12,000 ಇರುವ ಹೆಲ್ಪರ್ ಒಬ್ಬರಿಗೆ ತಪ್ಪಿ 13,000 ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಹೆಚ್ಚಾದ 1,000ದ ಮೇಲೆ ಶೇ. 12ರಂತೆ 120 ರೂಪಾಯಿ ಅವರ ಪಾಲಿನ ಪಿಎಫ್ ಆಗಿ ಕಡಿತವಾಗಿದೆ. ಒಟ್ಟು ಸಂಬಳ 21,000ದೊಳಗಿದ್ದರೆ ಇಎಸ್‌ಐಗೆ ಶೇ. 0.75ರಂತೆ ಸುಮಾರು 8 ರೂಪಾಯಿ. ಕೈಗೆ ಸಿಕ್ಕಿದ್ದು 872 ಮಾತ್ರ. ಈಗ ನೀವು 1,000 ಹಿಡಿದರೆ, ಬರದೇ ಇದ್ದ 128 ರೂಪಾಯಿಯನ್ನೂ ಅವರಿಂದ ವಸೂಲಿ ಮಾಡಿದಂತಾಯಿತು.

ಹಾಗಾಗಿ ಪ್ರತಿ ತಿಂಗಳ ಪೇ ಸ್ಲಿಪ್ಪನ್ನೂ ಸರಿಯಾದ ಅಂಕಿ ಹಾಕಿ ಮತ್ತೊಮ್ಮೆ ಮಾಡಿ, ಹಳೆಯ ನೆಟ್‌ನಿಂದ ಹೊಸ ನೆಟ್ ಕಳೆಯಿರಿ. ಬರುವ ವ್ಯತ್ಯಾಸವೇ ಕೇಳಬೇಕಾದ ಮೊತ್ತ. ‘ತಿಂಗಳ ವ್ಯತ್ಯಾಸ ಗುಣಿಸು ಐದು’ ಎಂಬ ಅಡ್ಡದಾರಿ ಹಿಡಿಯಬೇಡಿ. ನಡುವೆ ಒಂದು ತಿಂಗಳು ಅವರು ಸಂಬಳವಿಲ್ಲದ ರಜೆ ಹಾಕಿದ್ದರೆ ಆ ತಿಂಗಳ ಹೆಚ್ಚುವರಿಯೂ ಅಷ್ಟು ಕಡಿಮೆ ಇರುತ್ತದೆ.

ಪಿಎಫ್‌ಗೆ ಹೋದ 120ರ ಗತಿಯೇನು? ಅದು ಅವರ ಖಾತೆಯಲ್ಲೇ ಇದೆ, ನಿಮ್ಮ ಪಾಲೂ ಅಷ್ಟೇ ಹೋಗಿದೆ. ಸಲ್ಲಿಸಿದ ಪಿಎಫ್ ಚಲನ್ ತಿದ್ದಿಸಲು ಕಚೇರಿಗೆ ಅಲೆಯುವ ಖರ್ಚು, ಸಮಯ ನೋಡಿದರೆ ಸಣ್ಣ ಮೊತ್ತವನ್ನು ಕಂಪನಿ ತನ್ನ ಮೇಲೇ ಹಾಕಿಕೊಳ್ಳುವುದು ಲೇಸು. ಹತ್ತಾರು ಜನರ ಮೊತ್ತವಾದರೆ ನಿಮ್ಮ ಪಿಎಫ್ ಕನ್ಸಲ್ಟೆಂಟ್‌ರನ್ನು ಕೇಳಿ.

ಕಂತು ಎಷ್ಟಿರಬೇಕು, ಎಷ್ಟು ತಿಂಗಳು? ಒಂದು ಪೂರ್ತಿ ಉದಾಹರಣೆ ಕೊಡಿ.

ಸ್ಟೋರ್ಸ್ ವಿಭಾಗದ ಸಹಾಯಕಿಯೊಬ್ಬರನ್ನು ತೆಗೆದುಕೊಳ್ಳೋಣ. ಅವರ ನೌಕರ ಸಂಖ್ಯೆ 0147. ಬೇಸಿಕ್ 16,000, ಎಚ್‌ಆರ್‌ಎ 6,400, ಸ್ಪೆಷಲ್ ಅಲವೆನ್ಸ್ 9,600, ಒಟ್ಟು 32,000. ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದು ಕೈಗೆ 30,000. ಏಪ್ರಿಲ್‌ನಲ್ಲಿ 0174 ಸಂಖ್ಯೆಯ ನೌಕರರಿಗೆ ಸೇರಬೇಕಿದ್ದ 4,000 ಇನ್‌ಕ್ರಿಮೆಂಟನ್ನು ಅಂಕಿ ಅದಲುಬದಲಾಗಿ ಇವರ ಸ್ಪೆಷಲ್ ಅಲವೆನ್ಸಿಗೆ ಹಾಕಲಾಯಿತು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು 34,000 ಕೈಗೆ ಬಂತು. ಇವರ ಬೇಸಿಕ್ ಮೊದಲೇ 15,000 ದಾಟಿದ್ದು, ಕಂಪನಿ ಪಿಎಫ್ ಅನ್ನು ಆ ಮಿತಿಗೇ ಕಟ್ಟುವುದರಿಂದ 1,800 ಬದಲಾಗಿಲ್ಲ. ಇಎಸ್‌ಐ ಇಲ್ಲ. ವರ್ಷದ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆಯೂ ಬರುವುದಿಲ್ಲ. ಹಾಗಾಗಿ ಇಲ್ಲಿ ಗ್ರಾಸ್, ನೆಟ್ ಎರಡೂ ಒಂದೇ: 20,000.

ಮೊದಲು 0174ರವರ ಬಾಕಿ 20,000ವನ್ನು ಸೆಪ್ಟೆಂಬರ್ ಸಂಬಳದ ಜೊತೆಗೇ ಪೂರ್ತಿ ಕೊಡಬೇಕು. ‘ಅವರಿಂದ ಬಂದ ಮೇಲೆ ಇವರಿಗೆ’ ಎಂದು ಕಾಯಿಸುವ ಕಂಪನಿಗಳಿವೆ. ಅದು ಸಲ್ಲದು. ಇಬ್ಬರ ಲೆಕ್ಕಕ್ಕೂ ನಡುವೆ ಸಂಬಂಧವೇ ಇಲ್ಲ.

ಇನ್ನು ಕಂತು. ನಾನು ಎರಡು ಅಳತೆ ಇಟ್ಟುಕೊಳ್ಳುತ್ತೇನೆ. ಒಂದು, ಕಂತು ಕೈಗೆ ಬರುವ ಸಂಬಳದ ಹತ್ತನೇ ಒಂದು ಭಾಗ ದಾಟಬಾರದು. ಇನ್ನೊಂದು, ತಪ್ಪು ಎಷ್ಟು ತಿಂಗಳು ನಡೆಯಿತೋ ವಸೂಲಿಗೆ ಕನಿಷ್ಠ ಅಷ್ಟು ತಿಂಗಳಾದರೂ ಕೊಡಬೇಕು. ಇವು ಕಾನೂನಲ್ಲ, ನನ್ನ ರೂಢಿ. ಇವರ ವಿಷಯದಲ್ಲಿ ಹತ್ತನೇ ಒಂದು ಭಾಗ ಎಂದರೆ 3,000, ಅಂದರೆ ಏಳು ತಿಂಗಳಲ್ಲಿ ತೀರುತ್ತಿತ್ತು. ಮಾತಿಗೆ ಕೂತಾಗ ಅವರು ಹೇಳಿದ್ದು: ಮನೆ ಬಾಡಿಗೆ 11,000, ಚೀಟಿ 5,000, ಅಕ್ಟೋಬರ್‌ನಲ್ಲಿ ಹಬ್ಬದ ಖರ್ಚು, ಜೂನ್‌ನಲ್ಲಿ ಮಗನ ಶಾಲೆ ಫೀಸು. ಎರಡು ಸಾವಿರ ಆದರೆ ತಡೆದುಕೊಳ್ಳಬಹುದು ಎಂದರು. ಹಾಗಾಗಿ 2,000ದ ಹತ್ತು ಕಂತು. ಅಕ್ಟೋಬರ್ ಮತ್ತು ಜೂನ್ ಬಿಡುವು.

| ತಿಂಗಳು | ಕಂತು | ಉಳಿದ ಬಾಕಿ |
|---|---|---|
| ಸೆಪ್ಟೆಂಬರ್ (ಸಂಬಳ ತಿದ್ದುಪಡಿ ಮಾತ್ರ) | 0 | 20,000 |
| ಅಕ್ಟೋಬರ್ (ಬಿಡುವು) | 0 | 20,000 |
| ನವೆಂಬರ್ | 2,000 | 18,000 |
| ಡಿಸೆಂಬರ್ | 2,000 | 16,000 |
| ಜನವರಿ | 2,000 | 14,000 |
| ಫೆಬ್ರವರಿ | 2,000 | 12,000 |
| ಮಾರ್ಚ್ | 2,000 | 10,000 |
| ಏಪ್ರಿಲ್ | 2,000 | 8,000 |
| ಮೇ | 2,000 | 6,000 |
| ಜೂನ್ (ಬಿಡುವು) | 0 | 6,000 |
| ಜುಲೈ | 2,000 | 4,000 |
| ಆಗಸ್ಟ್ | 2,000 | 2,000 |
| ಸೆಪ್ಟೆಂಬರ್ | 2,000 | 0 |

ಕಾನೂನಿನ ಮಿತಿಗೂ ಒಮ್ಮೆ ಹೋಲಿಸಿ ನೋಡಿ. ವೇತನ 16,000 ಎಂದು ಹಿಡಿದರೆ ಅರ್ಧ 8,000. ಪಿಎಫ್, ವೃತ್ತಿ ತೆರಿಗೆ, ಕಂತು ಸೇರಿ 4,000. ಕರ್ನಾಟಕದಲ್ಲಿ ಫೆಬ್ರವರಿ ತಿಂಗಳ ವೃತ್ತಿ ತೆರಿಗೆ 300 ಆದ್ದರಿಂದ ಆ ತಿಂಗಳು 4,100. ಮಿತಿಯಿಂದ ಬಹಳ ದೂರ ಇದ್ದೇವೆ. 20,000ವನ್ನು ಒಂದೇ ಸಲ ಹಿಡಿಯಹೊರಟಿದ್ದರೆ ಕಾನೂನೇ ಅಡ್ಡ ನಿಲ್ಲುತ್ತಿತ್ತು.

ಮಾಲೀಕರು ಸಾಮಾನ್ಯವಾಗಿ ‘ಒಂದು ವರ್ಷ ಯಾರು ಕಾಯ್ತಾರೆ’ ಎನ್ನುತ್ತಾರೆ. ಅವರ ಹಣ ಈಗಾಗಲೇ ಐದು ತಿಂಗಳು ಹೊರಗಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ ಎಂದು ನೆನಪಿಸಿದರೆ ಸಾಕು.

ಪತ್ರದಲ್ಲಿ ಏನಿರಬೇಕು? ಒಂದು ಮಾದರಿ ಕೊಡ್ತೀರಾ?

ಒಂದೇ ಪುಟ ಸಾಕು. ನೌಕರರು ಓದಬಲ್ಲ ಭಾಷೆಯಲ್ಲಿ ಇರಬೇಕು. ಕನ್ನಡ ಓದುವವರಿಗೆ ಇಂಗ್ಲಿಷ್ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡರೆ ಆ ಸಹಿಗೆ ಬೆಲೆ ಇಲ್ಲ. ಮೇಲಿನ ಉದಾಹರಣೆಗೆ ಪತ್ರ ಹೀಗಿರುತ್ತದೆ:

> ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ನಿಮ್ಮ ಸಂಬಳದಲ್ಲಿ ಸ್ಪೆಷಲ್ ಅಲವೆನ್ಸ್ ಅನ್ನು 9,600ರ ಬದಲು 13,600 ಎಂದು ನಮೂದಿಸಲಾಗಿತ್ತು. ಇದು ಲೆಕ್ಕಪತ್ರ ವಿಭಾಗದಿಂದ ಆದ ತಪ್ಪು. ಇದರಲ್ಲಿ ನಿಮ್ಮ ಪಾತ್ರ ಏನೂ ಇಲ್ಲ. ನಿಮ್ಮಿಂದಾಗದ ತಪ್ಪಿಗೆ ನಿಮಗೆ ಆಗುತ್ತಿರುವ ತೊಂದರೆಗೆ ವಿಷಾದಿಸುತ್ತೇವೆ.
>
> ಹೆಚ್ಚಾಗಿ ಪಾವತಿಯಾದ ಒಟ್ಟು ಮೊತ್ತ 20,000 ರೂಪಾಯಿ. ತಿಂಗಳವಾರು ಲೆಕ್ಕ ಜೊತೆಗಿದೆ. ನಿಮ್ಮೊಡನೆ ಮಾತನಾಡಿ ಒಪ್ಪಿದಂತೆ ನವೆಂಬರ್‌ನಿಂದ ತಿಂಗಳಿಗೆ 2,000ದಂತೆ ಹತ್ತು ಕಂತುಗಳಲ್ಲಿ ಹೊಂದಿಸಲಾಗುವುದು. ಜೂನ್‌ನಲ್ಲಿ ಕಂತು ಇರುವುದಿಲ್ಲ. ಬಡ್ಡಿ ಇಲ್ಲ.
>
> ಆಸ್ಪತ್ರೆ ಖರ್ಚು ಅಥವಾ ಬೇರೆ ತುರ್ತು ಬಂದರೆ ಆ ತಿಂಗಳ 20ನೇ ತಾರೀಕಿನೊಳಗೆ ತಿಳಿಸಿ, ಕಂತನ್ನು ಮುಂದಕ್ಕೆ ಹಾಕಲಾಗುವುದು. ಲೆಕ್ಕದಲ್ಲಿ ತಪ್ಪು ಕಂಡರೆ 15 ದಿನದೊಳಗೆ ಹೇಳಿ. ಅದು ಇತ್ಯರ್ಥವಾಗುವವರೆಗೆ ಯಾವ ಕಂತನ್ನೂ ಹಿಡಿಯುವುದಿಲ್ಲ.

ಕೆಳಗೆ ‘ಲೆಕ್ಕ ನೋಡಿದ್ದೇನೆ, ಕಂತಿಗೆ ಒಪ್ಪಿಗೆ ಇದೆ’ ಎಂದು ಸಹಿಗೆ ಜಾಗ. ಒಂದು ಪ್ರತಿ ಅವರಿಗೆ. ಹೊಂದಾಣಿಕೆಗೆ ಕಾನೂನೇ ಅವಕಾಶ ಕೊಟ್ಟಿರುವಾಗ ಒಪ್ಪಿಗೆ ಏಕೆ ಎಂದು ಕೇಳುವವರಿದ್ದಾರೆ. ಮುಂದೆ ಕಾರ್ಮಿಕ ಇಲಾಖೆಯ ಮುಂದೆ ಲೆಕ್ಕ ವಿವಾದವಾದರೆ, ಆ ದಿನ ಇಬ್ಬರೂ ಯಾವ ಅಂಕಿ ಒಪ್ಪಿದ್ದರು ಎಂಬುದಕ್ಕೆ ಈ ಹಾಳೆಯೇ ಸಾಕ್ಷಿ. ‘ನಿರ್ಲಕ್ಷಿಸಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಸಾಲು ಹಳೆಯ ನೋಟಿಸ್‌ಗಳಿಂದ ಕಾಪಿಯಾಗಿ ಬಂದಿರುತ್ತದೆ, ತೆಗೆದುಬಿಡಿ.

ಪೇ ಸ್ಲಿಪ್‌ನಲ್ಲಿ ಎಲ್ಲಿ ತೋರಿಸೋದು? ಅಲವೆನ್ಸ್‌ನಲ್ಲೇ 2,000 ಕಮ್ಮಿ ಮಾಡಿದರೆ ಆಗಲ್ವಾ?

ಹಾಗೆ ಮಾಡಬೇಡಿ. ಅಲವೆನ್ಸ್ 7,600 ಎಂದು ಕಾಣುವ ಪೇ ಸ್ಲಿಪ್ ಹಿಡಿದು ಅವರು ಬ್ಯಾಂಕಿಗೆ ಸಾಲಕ್ಕೆ ಹೋದರೆ ಅಲ್ಲಿ ಸಂಬಳವೇ ಕಡಿಮೆ ಎಂದಾಗುತ್ತದೆ. ಗಳಿಕೆಯ ಕಡೆ 9,600 ಪೂರ್ತಿ ಇರಲಿ. ಕಡಿತದ ಕಡೆ ಬೇರೆ ಸಾಲು ಬರಲಿ: ‘ಹೆಚ್ಚುವರಿ ಪಾವತಿ ಹೊಂದಾಣಿಕೆ, ಕಂತು 3/10, ಬಾಕಿ 14,000’. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕಡಿತದ ಹೆಸರು ‘ಲೋನ್’ ಅಥವಾ ‘ಫೈನ್’ ಎಂದು ಮಾತ್ರ ಆರಿಸಲು ಬರುತ್ತದೆ. ಇದು ಸಾಲವೂ ಅಲ್ಲ, ದಂಡವಂತೂ ಮೊದಲೇ ಅಲ್ಲ. ಹೊಸ ಹೆಸರು ಸೇರಿಸಿಕೊಳ್ಳಿ. ಕೊನೆಯ ಕಂತು ಮುಗಿದಾಗ ಕಡಿತ ತಾನಾಗಿ ನಿಲ್ಲುವಂತೆ ಮುಕ್ತಾಯದ ತಿಂಗಳನ್ನೂ ಮೊದಲೇ ಹಾಕಿಡಿ. ಹನ್ನೊಂದನೇ ಕಂತು ಹಿಡಿದು ಮತ್ತೊಮ್ಮೆ ಕ್ಷಮೆ ಕೇಳಿದ ಕಂಪನಿಯನ್ನು ನೋಡಿದ್ದೇನೆ.

ಬಡ್ಡಿ ಹಾಕಬಹುದಾ?

ಬೇಡ. ಅವರು ನಿಮ್ಮಲ್ಲಿ ಸಾಲ ಕೇಳಿರಲಿಲ್ಲ.

## ಸಿಕ್ಕಿನ ಪ್ರಶ್ನೆಗಳು

ಕಂತು ನಡೀತಿರುವಾಗಲೇ ಕೆಲಸ ಬಿಟ್ಟು ಹೊರಟರೆ?

ಮೇಲಿನ ಸಹಾಯಕಿಯೇ ಫೆಬ್ರವರಿ ಕೊನೆಗೆ ರಾಜೀನಾಮೆ ಕೊಟ್ಟರು ಎಂದುಕೊಳ್ಳಿ. ಆಗ ಬಾಕಿ 14,000. ಕೊನೆಯ ಸಂಬಳದಿಂದ ಪೂರ್ತಿ ಮುರಿದುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಶೇ. 50ರ ಮಿತಿ ಆ ತಿಂಗಳಿಗೂ ಇದೆ. 8,000ದಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 300 ಹೋದರೆ ಹಿಡಿಯಲು ಉಳಿಯುವುದು 5,900. ಇನ್ನು 8,100 ಬಾಕಿ. ಅದನ್ನು 2,700ರ ಮೂರು ಕಂತಿನಲ್ಲಿ ಅವರೇ ಬ್ಯಾಂಕ್ ಮೂಲಕ ಕಟ್ಟುವಂತೆ ಒಂದು ಸಣ್ಣ ಒಪ್ಪಂದ ಬರೆದುಕೊಳ್ಳಿ. ರಜೆ ನಗದೀಕರಣದ ಹಣ ಬರುವುದಿದ್ದು, ಅದರಲ್ಲಿ ಹಿಡಿದುಕೊಳ್ಳಿ ಎಂದು ಅವರೇ ಬರೆದುಕೊಟ್ಟರೆ ಕೆಲಸ ಇನ್ನೂ ಹಗುರ.

ಗ್ರಾಚ್ಯುಟಿ ಮತ್ತು ಪಿಎಫ್ ಹಣದ ತಂಟೆಗೆ ಹೋಗಬೇಡಿ. ಗ್ರಾಚ್ಯುಟಿಯನ್ನು ತಡೆಹಿಡಿಯಲು ಕಾನೂನು ಕೊಡುವ ಕಾರಣಗಳು ಬೆರಳೆಣಿಕೆಯಷ್ಟು, ಎಲ್ಲವೂ ನೌಕರರ ದುರ್ನಡತೆ ಅಥವಾ ನಿರ್ಲಕ್ಷ್ಯಕ್ಕೆ ಕೆಲಸದಿಂದ ತೆಗೆದಾಗಿನವು. ನಿಮ್ಮ ಅಕೌಂಟ್ಸ್ ತಪ್ಪು ಆ ಪಟ್ಟಿಯಲ್ಲಿಲ್ಲ. ಬಾಕಿ ತೀರುವವರೆಗೆ ರಿಲೀವಿಂಗ್ ಲೆಟರ್ ಕೊಡೋಲ್ಲ ಎನ್ನುವುದೂ ಬೇಡ. ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಲೆಕ್ಕ ಆಗಿಲ್ಲ ಎಂದು ತಿಂಗಳುಗಟ್ಟಲೆ ಫೈನಲ್ ಸೆಟಲ್‌ಮೆಂಟ್ ಇಟ್ಟುಕೊಳ್ಳುವ ಹಳೆಯ ಅಭ್ಯಾಸಕ್ಕೆ ಈಗ ಜಾಗವಿಲ್ಲ.

ಮಾರ್ಚ್ ದಾಟಿದ ಮೇಲೆ ಗೊತ್ತಾಯ್ತು. ಟಿಡಿಎಸ್ ಕಟ್ಟಿ ಆಗಿದೆ. ಈಗೇನು?

ಅದೇ ಹಣಕಾಸು ವರ್ಷದಲ್ಲಿ ಸಿಕ್ಕಿದ್ದರೆ ಸುಲಭ. ವರ್ಷದ ಆದಾಯವನ್ನು ಸರಿಪಡಿಸಿ, ಉಳಿದ ತಿಂಗಳುಗಳ ಟಿಡಿಎಸ್ ಅನ್ನು ಅದಕ್ಕೆ ತಕ್ಕಂತೆ ಇಳಿಸಿದರೆ ಹೊಂದಿಕೊಳ್ಳುತ್ತದೆ. ವರ್ಷ ದಾಟಿದರೆ ಮಾತ್ರ ಕಷ್ಟ.

ಶೇ. 30ರ ಹಂತದಲ್ಲಿರುವ ಮ್ಯಾನೇಜರ್ ಒಬ್ಬರಿಗೆ ಜನವರಿಯಿಂದ ಮಾರ್ಚ್‌ವರೆಗೆ 50,000 ಹೆಚ್ಚು ಹೋಗಿದೆ, ಮೇನಲ್ಲಿ ಗೊತ್ತಾಯಿತು. ಸೆಸ್ ಸೇರಿ ಶೇ. 31.2ರಂತೆ 15,600 ತೆರಿಗೆಯಾಗಿ ಹೋಗಿದೆ, ಕೈಗೆ ಬಂದದ್ದು 34,400. ನೀವು 50,000 ಕೇಳಿದರೆ 15,600 ಅವರ ಜೇಬಿನದು. ನಾನು ಮಾಡಿಸುವುದು ಹೀಗೆ: ಮೊದಲು 34,400ಕ್ಕೆ ಮಾತ್ರ ಕಂತು. ಅಷ್ಟರಲ್ಲಿ ಕಂಪನಿಯ ಟಿಡಿಎಸ್ ವಿವರಪಟ್ಟಿಯಲ್ಲಿ ಅವರ ಹಿಂದಿನ ವರ್ಷದ ಸಂಬಳವನ್ನು ತಿದ್ದಿ ಸಲ್ಲಿಸಿ, ಹೊಸ ಟಿಡಿಎಸ್ ಪ್ರಮಾಣಪತ್ರ ಕೊಡುವುದು. ಅವರು ರಿಟರ್ನ್ ಹಾಕಿ ರೀಫಂಡ್ ಪಡೆದ ಮೇಲೆ ಉಳಿದ 15,600. ರಿಟರ್ನ್ ಆಗಲೇ ಹಾಕಿದ್ದರೆ ಪರಿಷ್ಕೃತ ರಿಟರ್ನ್ ಹಾಕಬೇಕು, ಅದರ ಆಡಿಟರ್ ಖರ್ಚನ್ನು ಕಂಪನಿ ಕೊಡಲಿ. ಏಪ್ರಿಲ್ ತಿಂಗಳಲ್ಲೇ ಹಿಂದಿನ ವರ್ಷದ ಸಂಬಳಪಟ್ಟಿಯನ್ನು ಒಮ್ಮೆ ಜಾಲಾಡಬೇಕು ಎನ್ನುವುದು ಇದಕ್ಕೇ.

ಹೆಚ್ಚಾಗಿ ಕೊಟ್ಟ ಸಂಬಳ ವಸೂಲಿ ಮಾಡಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಂತೆ?

ಹೇಳಿದೆ, ಆದರೆ ಎಲ್ಲರಿಗೂ ಅಲ್ಲ. ಪಂಜಾಬ್ ರಾಜ್ಯ ವಿರುದ್ಧ ರಫೀಕ್ ಮಸೀಹ್ ಪ್ರಕರಣದಲ್ಲಿ 2014ರ ಡಿಸೆಂಬರ್ 18ರಂದು ಬಂದ ತೀರ್ಪು ಅದು. ಸರ್ಕಾರಿ ನೌಕರರಲ್ಲಿ ಸಿ ಮತ್ತು ಡಿ ವೃಂದದವರಿಂದ, ನಿವೃತ್ತರಾದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಸಲ್ಲದು. ಆದೇಶಕ್ಕೆ ಮುನ್ನ ಐದು ವರ್ಷಕ್ಕೂ ಮೀರಿ ನಡೆದ ಹೆಚ್ಚುವರಿ ಪಾವತಿಯನ್ನೂ ಕೇಳುವಂತಿಲ್ಲ. ಮೇಲಿನ ಹುದ್ದೆಯ ಕೆಲಸವನ್ನು ಮಾಡಿಸಿಕೊಂಡು ಅದಕ್ಕೆ ತಕ್ಕ ಸಂಬಳ ಕೊಟ್ಟಿದ್ದರೆ ಅದನ್ನೂ ಹಿಂಪಡೆಯುವಂತಿಲ್ಲ. ಇವಲ್ಲದೆ ವಸೂಲಿಯಿಂದ ಆಗುವ ಕಷ್ಟ ತೀರಾ ಅನ್ಯಾಯವೆನಿಸುವ ಇತರ ಸಂದರ್ಭಗಳನ್ನೂ ನ್ಯಾಯಾಲಯ ಸೇರಿಸಿತು. ಆದರೆ 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ಹೆಚ್ಚು ಬಂದರೆ ಹಿಂತಿರುಗಿಸುತ್ತೇನೆ ಎಂದು ಮೊದಲೇ ಮುಚ್ಚಳಿಕೆ ಬರೆದುಕೊಟ್ಟಿದ್ದವರು ಅದಕ್ಕೆ ಬದ್ಧರು ಎಂದಿತು.

ಖಾಸಗಿ ಕಂಪನಿಗೆ ಈ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅದರ ಅಳತೆಗೋಲು ನನಗೆ ಇಷ್ಟ. ಎಂಟು ತಿಂಗಳಲ್ಲಿ ನಿವೃತ್ತರಾಗುವ ಹಿರಿಯ ಫಿಟ್ಟರ್‌ಗೆ ಹಲವು ವರ್ಷದಿಂದ ತಿಂಗಳಿಗೆ 150 ರೂಪಾಯಿ ತಪ್ಪು ಭತ್ಯೆ ಹೋಗಿದೆ ಎಂದರೆ, ಇನ್ನು ಮುಂದಕ್ಕೆ ಸರಿಪಡಿಸಿ ಹಿಂದಿನದನ್ನು ಕೈಬಿಡಿ. ಕೈಬಿಟ್ಟದ್ದಕ್ಕೆ ಮಾಲೀಕರ ಸಹಿಯಿರುವ ಒಂದು ಟಿಪ್ಪಣಿ ಕಡತದಲ್ಲಿರಲಿ. ಇಲ್ಲದಿದ್ದರೆ ಮುಂದಿನ ಆಡಿಟ್‌ನಲ್ಲಿ ಯಾರೋ ಮತ್ತೆ ಅದನ್ನು ಕೆದಕುತ್ತಾರೆ.

ನಾನು ನೌಕರ. ಅವರ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಸಹಿ ಹಾಕದಿದ್ದರೆ?

ಸಹಿ ಹಾಕುವ ಮುನ್ನ ತಿಂಗಳವಾರು ಲೆಕ್ಕ ಕೇಳಿ. ‘ಒಟ್ಟು ಇಷ್ಟು’ ಎಂಬ ಒಂದೇ ಅಂಕಿ ಸಾಲದು. ನಿಮ್ಮ ಹಳೆಯ ಪೇ ಸ್ಲಿಪ್, ಅಪಾಯಿಂಟ್‌ಮೆಂಟ್ ಮತ್ತು ಇನ್‌ಕ್ರಿಮೆಂಟ್ ಪತ್ರ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇನ್‌ಕ್ರಿಮೆಂಟ್ ನಿಜವಾಗಿಯೂ ನಿಮಗೇ ಬರಬೇಕಿತ್ತು ಎಂದು ಪತ್ರ ಹೇಳಿದರೆ ಅದು ಹೆಚ್ಚುವರಿ ಪಾವತಿಯೇ ಅಲ್ಲ. ಭಿನ್ನಾಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಡಿ. ‘10,000ದವರೆಗೆ ಒಪ್ಪುತ್ತೇನೆ, ಉಳಿದದ್ದಕ್ಕೆ ದಾಖಲೆ ತೋರಿಸಿ’ ಎಂದು ಬರೆಯುವುದು ಪೂರ್ತಿ ನಿರಾಕರಿಸುವುದಕ್ಕಿಂತ ಬಲವಾದ ನಿಲುವು. ಕೇಳದೆ ಹಿಡಿದರೆ, ಅಥವಾ ಅರ್ಧಕ್ಕಿಂತ ಹೆಚ್ಚು ಹಿಡಿದರೆ, ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಸಂಹಿತೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಅವಕಾಶವಿದೆ.

ಒಬ್ಬರಿಗಲ್ಲ, ಇಡೀ ಶಿಫ್ಟಿಗೆ ಹೆಚ್ಚು ಹೋಗಿದೆ. ಒಬ್ಬೊಬ್ಬರ ಜೊತೆ ಕೂರೋಕಾಗತ್ತಾ?

ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಆಗ ಬೇರೆ ವಲಯದ ಅಥವಾ ಬೇರೆ ಉದ್ಯಮದ ದರ ಹಾಕಿದರೆ ಒಂದೇ ತಪ್ಪು ಎಲ್ಲರಿಗೂ ಅಂಟುತ್ತದೆ. ಯೂನಿಯನ್ ಅಥವಾ ವರ್ಕ್ಸ್ ಕಮಿಟಿ ಇದ್ದರೆ ಮೊದಲು ಅವರಿಗೆ ಲೆಕ್ಕ ತೋರಿಸಿ. ನೋಟಿಸ್ ಬೋರ್ಡಿನಲ್ಲಿ ತಪ್ಪಿನ ಕಾರಣ ಮತ್ತು ಕಂತು ಶುರುವಾಗುವ ತಿಂಗಳು ಮಾತ್ರ ಹಾಕಿ. ಯಾರಿಗೆ ಎಷ್ಟು ಎಂಬ ಪಟ್ಟಿ ಬೋರ್ಡಿಗೆ ಬರಬಾರದು, ಅದು ಪ್ರತಿಯೊಬ್ಬರ ಕೈಗೆ ಲಕೋಟೆಯಲ್ಲಿ ಹೋಗಲಿ. ಎಲ್ಲರಿಗೂ ಒಂದೇ ಕಂತು ಎಂದು ಶುರುಮಾಡಿ, ಆಗದವರು ಬಂದು ಮಾತಾಡಲು ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಎರಡು ದಿನ ಒಬ್ಬರನ್ನು ಕೂರಿಸಿ. ಬರುವವರು ಕೆಲವರೇ, ಆದರೆ ನಿಜವಾಗಿ ಕಷ್ಟದಲ್ಲಿರುವವರು ಅವರೇ.

ಇಂಥ ತಪ್ಪು ಮೊದಲೇ ಹಿಡಿಯೋಕೆ ಏನು ಮಾಡ್ತೀರಿ?

ಬ್ಯಾಂಕ್ ಫೈಲ್ ಕಳಿಸುವ ಮುನ್ನ ಈ ತಿಂಗಳ ಮತ್ತು ಹೋದ ತಿಂಗಳ ಸಂಬಳಪಟ್ಟಿಯನ್ನು ನೌಕರ ಸಂಖ್ಯೆಯ ಪ್ರಕಾರ ಒಂದೇ ಶೀಟ್‌ಗೆ ತಂದು, ನೆಟ್‌ನಲ್ಲಿ 500 ರೂಪಾಯಿಗಿಂತ ಹೆಚ್ಚು ವ್ಯತ್ಯಾಸ ಇರುವವರನ್ನು ಬೇರೆ ತೆಗೆಯುತ್ತೇವೆ.

```
=IF(ABS(C2-B2)>500,"ನೋಡಿ","")
```

B ಕಾಲಂ ಹೋದ ತಿಂಗಳ ನೆಟ್, C ಈ ತಿಂಗಳದು. ‘ನೋಡಿ’ ಬಂದ ಪ್ರತಿ ಸಾಲಿಗೂ ಒಂದು ಕಾಗದ ಇರಬೇಕು: ಇನ್‌ಕ್ರಿಮೆಂಟ್ ಪತ್ರ, ಓಟಿ ಶೀಟ್, ರಜೆ ಅರ್ಜಿ, ಯಾವುದಾದರೂ ಸರಿ. ಸಂಬಳ ಮಾಡಿದವರಲ್ಲದೆ ಇನ್ನೊಬ್ಬರು ಆ ಕಾಗದದ ಮೇಲಿನ ನೌಕರ ಸಂಖ್ಯೆ ಮತ್ತು ಹೆಸರು ಎರಡನ್ನೂ ಓದಿ ಟಿಕ್ ಹಾಕಬೇಕು. 0147 ಮತ್ತು 0174ರ ತಪ್ಪು ಏಪ್ರಿಲ್‌ನಲ್ಲೇ ಸಿಕ್ಕುತ್ತಿದ್ದುದು ಇಲ್ಲಿ. ‘ನೋಡಿ’ ಬರಬೇಕಿದ್ದುದು 0174ರ ಸಾಲಿಗೆ, ಬಂದದ್ದು 0147ರ ಸಾಲಿಗೆ. ಇನ್‌ಕ್ರಿಮೆಂಟ್ ಪತ್ರ ಇದ್ದೂ ‘ನೋಡಿ’ ಬರದವರ ಪಟ್ಟಿಯನ್ನೂ ಏಪ್ರಿಲ್‌ನಲ್ಲಿ ತೆಗೆಯಿರಿ.